ಒಂದೇ ಜರಡಿ, ಒಂದೇ ಬೀಟರ್: ಗೇರುಬೀಜ ಆಗದ ಮಗುವಿಗೆ ಕೇಕ್ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಮಂಗಳೂರಿನ ಬಿಜೈಯಲ್ಲಿ ಮನೆಯಲ್ಲೇ ಕೇಕ್, ಕುಕೀಸ್ ಮಾಡಿ ನಮ್ಮ ಅಪಾರ್ಟ್‌ಮೆಂಟ್‌ನವರಿಗೆ ಮಾರುತ್ತೇನೆ. ಮೂರನೇ ಮಹಡಿಯ ಆರು ವರ್ಷದ ಹುಡುಗನಿಗೆ ಗೇರುಬೀಜ ಆಗುವುದಿಲ್ಲ. ಅವನ ಅಮ್ಮ ಬರ್ತ್‌ಡೇಗೆ ಒಂದು ಕೆ.ಜಿ. ವೆನಿಲ್ಲಾ ಕೇಕ್ ಕೇಳಿದ್ದಾರೆ. ನನ್ನಲ್ಲಿರುವುದು ಒಂದೇ ಬೀಟರ್, ಒಂದೇ ಓವನ್. ಎಲ್ಲ ಚೆನ್ನಾಗಿ ತೊಳೆದು ಮಾಡಿದರೆ "ನಟ್ ಫ್ರೀ" ಎಂದು ಲೇಬಲ್ ಹಾಕಬಹುದಾ?

ಉತ್ತರ: ಆ ಲೇಬಲ್ ಹಾಕಬೇಡಿ. ಕೇಕ್ ಮಾಡಬಹುದಾ ಎನ್ನುವುದು ಬೇರೆ ಮಾತು. ಅದಕ್ಕೆ ಮೊದಲು ನಿಮ್ಮ ಜರಡಿ ನೋಡೋಣ.

ನೀವು ಗೇರುಬೀಜದ ಪುಡಿಯನ್ನು ಯಾವತ್ತಾದರೂ ಅದೇ ಜರಡಿಯಲ್ಲಿ ಜರಡಿ ಹಿಡಿದಿರುತ್ತೀರಿ. ಬಲೆ ಮತ್ತು ಸ್ಟೀಲ್ ಅಂಚು ಸೇರುವ ಸಂದಿಯಲ್ಲಿ ಎಣ್ಣೆ ಜಿಡ್ಡಿನ ಪುಡಿ ಸೇರಿಕೊಂಡು ಗಟ್ಟಿಯಾಗುತ್ತದೆ. ತೊಳೆದರೂ ಅದು ಹೋಗುವುದಿಲ್ಲ. ಮುಂದಿನ ಸಲ ಮೈದಾ ಜರಡಿ ಹಿಡಿಯುವಾಗ ತಟ್ಟುತ್ತೀರಲ್ವಾ, ಆಗ ಉದುರುತ್ತದೆ. ಅಲ್ಲಿಂದ ಬರೀ ಕಾಲು ಗ್ರಾಂ ಪುಡಿ ಉದುರಿತು ಎಂದುಕೊಳ್ಳಿ, ಅಂದರೆ ಒಂದು ಚಿಟಿಕೆ. ಅದರಲ್ಲಿ ಗೇರುಬೀಜದ ಪ್ರೋಟೀನ್ ಸುಮಾರು 45 ಮಿಲಿಗ್ರಾಂ ಇರುತ್ತದೆ. ಒಂದು ಕೆ.ಜಿ. ಕೇಕ್‌ನಲ್ಲಿ ಅದು ಸಮನಾಗಿ ಬೆರೆತರೂ ನೂರು ಗ್ರಾಮಿನ ಒಂದು ತುಂಡಿಗೆ ನಾಲ್ಕೂವರೆ ಮಿಲಿಗ್ರಾಂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ ಕರೆದ ತಜ್ಞರ ಸಮಿತಿ ಗೇರುಬೀಜಕ್ಕೆ ಸೂಚಿಸಿದ ಮಿತಿ ಒಂದು ಸಲಕ್ಕೆ 1 ಮಿಲಿಗ್ರಾಂ ಪ್ರೋಟೀನ್. ಅಷ್ಟು ಕಡಿಮೆಯಲ್ಲೂ ಅಲರ್ಜಿ ಇರುವ ನೂರು ಜನರಲ್ಲಿ ಸುಮಾರು ಐವರಿಗೆ ತೊಂದರೆ ಕಾಣಿಸಿಕೊಳ್ಳಬಹುದು. ಇನ್ನು ಪುಡಿ ಸಮನಾಗಿ ಬೆರೆಯುವುದೂ ಇಲ್ಲ. ಒಂದು ತುಣುಕು ಒಂದೇ ತುಂಡಿನಲ್ಲಿ ಕೂತಿರುತ್ತದೆ. ಆ ತುಂಡು ಯಾರ ತಟ್ಟೆಗೆ ಹೋಗುತ್ತದೋ ಗೊತ್ತಿಲ್ಲ.

"ಓವನ್‌ನ ಬಿಸಿಗೆ ಸಾಯುತ್ತದೆ" ಎಂದು ತುಂಬ ಜನ ನಂಬಿದ್ದಾರೆ. ಇದು ಕ್ರಿಮಿಯಲ್ಲ, ಸಾಯುವುದಕ್ಕೆ. ಗೇರುಬೀಜದ ಮುಖ್ಯ ಅಲರ್ಜಿ ಪ್ರೋಟೀನುಗಳು ಹುರಿದರೂ ಬೇಯಿಸಿದರೂ ಉಳಿಯುತ್ತವೆ. ಸ್ಯಾನಿಟೈಸರ್‌ನಿಂದಲೂ ಹೋಗುವುದಿಲ್ಲ. ಸೋಪು, ಉಜ್ಜುವುದು, ಹರಿಯುವ ನೀರು, ಇಷ್ಟೇ ದಾರಿ.

ಹಾಗಾಗಿ ಜರಡಿಯನ್ನು ತೊಳೆಯುವ ಪಟ್ಟಿಯಿಂದಲೇ ತೆಗೆದುಬಿಡಿ. ಹೊಸದೊಂದು ಕೊಂಡು, ಹಿಡಿಗೆ ಕೆಂಪು ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಸ್ಪ್ಯಾಚುಲಾ, ಬ್ರಷ್, ಮರದ ಸೌಟು, ಪೈಪಿಂಗ್ ಬ್ಯಾಗ್ ಕೂಡ ಹಾಗೆಯೇ. ಸ್ಪ್ಯಾಚುಲಾದ ತಲೆ ಕಳಚಿ ನೋಡಿ, ಒಳಗೆ ಹಳೆಯ ಹಿಟ್ಟು ಕಾಣುತ್ತದೆ. ಗೇರುಬೀಜ ರುಬ್ಬಿದ ಮಿಕ್ಸಿ ಜಾರ್ ಈ ಕೇಕ್‌ನ ಹತ್ತಿರವೂ ಬರಬಾರದು. ಮುಚ್ಚಳದ ರಬ್ಬರ್, ಬ್ಲೇಡಿನ ಬುಡ, ಎರಡನ್ನೂ ಮನೆಯಲ್ಲಿ ಪೂರ್ತಿ ಶುಚಿ ಮಾಡಲು ಆಗುವುದಿಲ್ಲ. ಮಧ್ಯಾಹ್ನದ ಕುರ್ಮಾಕ್ಕೆ ಗೇರುಬೀಜ ರುಬ್ಬಿದ್ದೂ ಅದೇ ಜಾರ್‌ನಲ್ಲಿ ಅಲ್ವಾ?

ಬೀಟರ್ ಮತ್ತು ಟಿನ್‌ಗಳನ್ನು ತೊಳೆದು ಬಳಸಬಹುದು. ಮೊದಲು ಪೇಪರ್‌ನಿಂದ ಒಣ ಪುಡಿ ಒರೆಸಿ, ಜಿಡ್ಡು ತೆಗೆಯಿರಿ. ಆಮೇಲೆ ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹೊಸ ಸ್ಕ್ರಬ್ಬರ್. ಹಳೆ ಸ್ಕ್ರಬ್ಬರ್‌ನಲ್ಲೇ ನಿನ್ನೆಯ ಗೇರುಬೀಜ ಇರುತ್ತದೆ. ನಲ್ಲಿ ನೀರಿನಲ್ಲಿ ತೊಳೆದು ಪೇಪರ್‌ನಲ್ಲೇ ಒರೆಸಿ, ಅಡುಗೆಮನೆಯ ಬೈರಾಸಿನಲ್ಲಿ ಬೇಡ. ಸ್ಟ್ಯಾಂಡ್ ಮಿಕ್ಸರ್ ಆದರೆ ಕಂಬಿ ಕೂರುವ ಜಾಗವನ್ನು ಕೆಳಗಿನಿಂದ ಟಾರ್ಚ್ ಹಾಕಿ ನೋಡಿ. ಅಲ್ಲಿ ಕೂತ ಪುಡಿ ನೇರ ಬೌಲಿಗೇ ಉದುರುತ್ತದೆ. ಒಣಗಿದ ಮೇಲೆ ಎಲ್ಲವನ್ನೂ ಕಪ್ಪು ಕಾಗದದ ಮೇಲೆ ತಟ್ಟಿ. ಏನಾದರೂ ಉದುರಿದರೆ ಮತ್ತೆ ತೊಳೆಯಿರಿ. ಏನೂ ಉದುರಲಿಲ್ಲ ಎಂದ ಮಾತ್ರಕ್ಕೆ ಸೊನ್ನೆ ಎಂದಲ್ಲ. ಕಣ್ಣಿಗೆ ಕಾಣದಷ್ಟು ಉಳಿದಿರಬಹುದು. ಅದಕ್ಕೇ ನಾನು "ಫ್ರೀ" ಎಂಬ ಪದ ಬೇಡ ಎಂದದ್ದು.

ಇಷ್ಟೆಲ್ಲ ಮಾಡಿಯೂ ಸೋಲುವುದು ಮೈದಾ ಡಬ್ಬಿಯಲ್ಲಿ. ಅದರಲ್ಲಿರುವ ಚಮಚ ಒಂದು ದಿನ ಗೇರುಬೀಜದ ಪುಡಿಗೂ ಹೋಗಿ ಬಂದಿರುತ್ತದೆ. ಒಮ್ಮೆ ಹಾಗಾದರೆ ಡಬ್ಬಿ ಪೂರ್ತಿ ಅನುಮಾನವೇ. ಈ ಕೇಕ್‌ಗೆ ಮೈದಾ, ಸಕ್ಕರೆ ಪುಡಿ, ಬೇಕಿಂಗ್ ಪೌಡರ್, ಬೆಣ್ಣೆ ಎಲ್ಲ ಹೊಸ ಪ್ಯಾಕೆಟ್ ಒಡೆಯಿರಿ. ಒಡೆಯುವ ಮೊದಲು ಪ್ರತಿ ಪ್ಯಾಕೆಟ್‌ನ ಹಿಂಬದಿ ಓದಿ. "ಮೇ ಕಂಟೈನ್" ಸಾಲಿನಲ್ಲಿ ಗೇರುಬೀಜ, ಪಿಸ್ತಾ ಅಥವಾ ಸುಮ್ನೆ "ನಟ್ಸ್" ಎಂದಿದ್ದರೆ ಆ ಪ್ಯಾಕೆಟ್ ಬದಿಗಿಡಿ. ಪಿಸ್ತಾ ಏಕೆಂದರೆ, ಗೇರುಬೀಜ ಆಗದವರಲ್ಲಿ ಬಹಳ ಜನಕ್ಕೆ ಅದೂ ಆಗುವುದಿಲ್ಲ. ಎರಡೂ ಒಂದೇ ಕುಟುಂಬದ ಗಿಡಗಳು. ಮೇಲಿನ ಅಲಂಕಾರಕ್ಕೆ ಮಾರ್ಜಿಪಾನ್ ಬೇಡವೇ ಬೇಡ. ಹೊರಗಿನ ಪುಸ್ತಕಗಳಲ್ಲಿ ಅದು ಬಾದಾಮಿಯದು. ನಮ್ಮ ಕರಾವಳಿಯಲ್ಲಿ ಗೇರುಬೀಜದಿಂದ ಮಾಡುತ್ತಾರೆ. ಹೆಸರು ಕೇಳಿ ಮೋಸಹೋಗುವುದು ಸುಲಭ.

ಹಿಂದಿನ ರಾತ್ರಿ ಶುಚಿ ಮಾಡಿ, ಬೆಳಿಗ್ಗೆ ಮೊದಲ ಕೆಲಸವೇ ಈ ಕೇಕ್ ಆಗಲಿ. ಫ್ರಾಸ್ಟಿಂಗ್ ಮುಗಿದು ಡಬ್ಬಿಗೆ ಹಾಕಿ ಮುಚ್ಚುವವರೆಗೆ ಮನೆಯಲ್ಲಿ ಯಾರೂ ಗೇರುಬೀಜ ಮುಟ್ಟಬಾರದು, ತಿನ್ನಲೂ ಬಾರದು. ಕುಸ್ವಾರ್ ಮಾಡುವ ಡಿಸೆಂಬರ್‌ನಲ್ಲಾದರೆ ಈ ಆರ್ಡರ್ ಬೇಡ ಎನ್ನುತ್ತೇನೆ. ನೆವ್ರಿಯ ಹೂರಣ, ಪ್ಲಮ್ ಕೇಕ್‌ನ ಬೀಜ, ಎಲ್ಲ ಅಡುಗೆಮನೆ ತುಂಬ ಹರಡಿರುವ ದಿನಗಳು ಅವು.

ಈಗ ಲೇಬಲ್. ನಮ್ಮ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಪ್ಯಾಕ್ ಮಾಡಿದ ತಿಂಡಿಯ ಮೇಲೆ ಅಲರ್ಜಿ ಪದಾರ್ಥಗಳನ್ನು ಎರಡು ಸಾಲಿನಲ್ಲಿ ಹೇಳಬೇಕು. ಬೇಕೆಂದೇ ಹಾಕಿದ್ದು "ಕಂಟೈನ್ಸ್" ಸಾಲಿಗೆ. ಹಾಕದಿದ್ದರೂ ತಗುಲಿರಬಹುದಾದ್ದು "ಮೇ ಕಂಟೈನ್" ಸಾಲಿಗೆ. ನಿಮ್ಮ ವೆನಿಲ್ಲಾ ಕೇಕ್‌ನ ಮೊದಲ ಸಾಲು: ಗೋಧಿ, ಹಾಲು, ಮೊಟ್ಟೆ. ಕ್ರೀಮ್ ಪ್ಯಾಕೆಟ್ ನೋಡಿ ಸೋಯಾ ಇದ್ದರೆ ಅದನ್ನೂ ಸೇರಿಸಿ. "ನಾನ್ ಡೈರಿ" ಎಂದು ಬರೆದ ಎಷ್ಟೋ ವಿಪ್ಪಿಂಗ್ ಕ್ರೀಮ್‌ಗಳಲ್ಲೂ ಹಾಲಿನ ಪ್ರೋಟೀನ್ ಇರುತ್ತದೆ. ಎರಡನೇ ಸಾಲು: ಗೇರುಬೀಜ, ಮತ್ತು ನಿಮ್ಮ ಅಡುಗೆಮನೆಯಲ್ಲಿ ಬಳಸುವ ಬಾದಾಮಿ, ನೆಲಗಡಲೆಯಂಥವು. ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಕನ್ನಡದಲ್ಲೂ ಬರೆಯಿರಿ, "ಗೇರುಬೀಜ (ಗೋಡಂಬಿ)" ಎಂದು ಎರಡೂ ಹೆಸರು ಹಾಕಿ. ಬರೀ "ಬೀಜ" ಎಂದರೆ ಊರಿನವರಿಗೆ ಮಾತ್ರ ಅರ್ಥವಾಗುತ್ತದೆ. ಎಳ್ಳು ಆ ನಿಯಮದ ಪಟ್ಟಿಯಲ್ಲಿಲ್ಲ. ಆದರೂ ಬಳಸಿದ್ದರೆ ಬರೆಯಿರಿ, ಎಳ್ಳಿಗೂ ತೀವ್ರ ಅಲರ್ಜಿ ಆಗುತ್ತದೆ. ಕ್ರೀಮ್ ಅಥವಾ ಚಾಕೊಲೇಟ್‌ನ ಕಂಪೆನಿ ಬದಲಾದ ದಿನ ಹಳೆ ಲೇಬಲ್ ಅಂಟಿಸಬೇಡಿ.

ಕೊನೆಗೆ ಆ ತಾಯಿಯೊಡನೆ ಮಾತು. ಹುಡುಗನಿಗೆ ಹಿಂದೆ ಏನಾಗಿತ್ತು ಎಂದು ಕೇಳಿ. ಮೈಮೇಲೆ ಗಂದೆ ಎದ್ದಿತ್ತಾ, ಉಸಿರು ಕಟ್ಟಿತ್ತಾ? ಅಡ್ರಿನಾಲಿನ್ ಇಂಜೆಕ್ಷನ್ ಜೊತೆಗಿಡಲು ಡಾಕ್ಟರ್ ಹೇಳಿದ್ದಾರಾ? "ಮೇ ಕಂಟೈನ್" ಎಂದಿರುವುದನ್ನು ತಿನ್ನಿಸಬಹುದು ಎಂದಿದ್ದಾರಾ? ಉಸಿರಿನ ತೊಂದರೆ ಆಗಿದ್ದರೆ, ಅಥವಾ ಡಾಕ್ಟರ್ ಬೇಡ ಎಂದಿದ್ದರೆ, ಈ ಅಡುಗೆಮನೆಯ ಕೇಕ್ ಕೊಡಬೇಡಿ. ಗೇರುಬೀಜವೇ ಬಾರದ ಅವರ ಸ್ವಂತ ಅಡುಗೆಮನೆಗೆ ಹೋಗಿ, ಹೊಸ ಸಾಮಾನು, ಹೊಸ ಜರಡಿಯೊಂದಿಗೆ ಅಲ್ಲೇ ಮಾಡಿಕೊಡುತ್ತೇನೆ ಎನ್ನಿ. ಮೂರನೇ ಮಹಡಿ ತಾನೇ. ಡಾಕ್ಟರ್ ಒಪ್ಪಿದ್ದರೆ ವಾಟ್ಸಾಪ್‌ನಲ್ಲಿ ಪ್ಯಾಕೆಟ್‌ಗಳ ಹಿಂಬದಿಯ ಫೋಟೊಗಳ ಜೊತೆ ಹೀಗೆ ಬರೆಯಿರಿ: "ಅಕ್ಕ, ಈ ಕೇಕ್‌ಗೆ ಗೇರುಬೀಜ ಹಾಕುವುದಿಲ್ಲ. ಹೊಸ ಜರಡಿ, ಹೊಸ ಪ್ಯಾಕೆಟ್ ಬಳಸುತ್ತೇನೆ. ಆದರೆ ಬೀಟರ್, ಟಿನ್, ಓವನ್ ಗೇರುಬೀಜಕ್ಕೂ ಬಳಸಿದ್ದೇ, ತೊಳೆದು ಬಳಸುತ್ತೇನೆ. ಇದನ್ನು ಓದಿ ನೀವು ಹೂಂ ಎಂದ ಮೇಲೆ ಮಾತ್ರ ಶುರು ಮಾಡುತ್ತೇನೆ."