ಫ್ರೆಂಚ್ ಇಮೇಲ್‌ನಲ್ಲಿ ‘ಎವಾಂತ್ಯುಎಲ್‌ಮಾಂ’ ಯಾಕೆ ಎಡವಟ್ಟು?

ಪ್ರಶ್ನೆ: ಗೋಕರ್ಣದಲ್ಲಿ ನಮ್ಮದು ಹೋಮ್‌ಸ್ಟೇ. ‘ಇವೆಂಚುಯಲಿ ಕಾರು ಕಳಿಸ್ತೇವೆ’ ಅಂತ ಫ್ರೆಂಚ್‌ನಲ್ಲಿ ಬರೆದೆ. ಅತಿಥಿ ‘ಕಾರು ಬರೋದು ಖಾತ್ರಿನಾ?’ ಅಂತ ಮತ್ತೆ ಕೇಳಿದರು. ಯಾಕೆ?

ಉತ್ತರ: ಇಂಗ್ಲಿಷಿನ ಇವೆಂಚುಯಲಿ ಅಂದರೆ ‘ಕೊನೆಗೆ’. ಅದರಂತೆಯೇ ಕಾಣುವ ಫ್ರೆಂಚ್‌ನ ಎವಾಂತ್ಯುಎಲ್‌ಮಾಂ ಅಂದರೆ ‘ಕೊನೆಗೆ’ ಅಲ್ಲ, ‘ಬೇಕಾದರೆ, ಆದರೂ ಆಗಬಹುದು’ ಎಂದು. ಹಾಗಾಗಿ ನಿಮ್ಮ ಮಾತು ಅವರಿಗೆ ‘ಗೋಕರ್ಣ ರೋಡ್ ಸ್ಟೇಷನ್ನಿಗೆ ಕಾರು ಕಳಿಸಿದರೂ ಕಳಿಸಬಹುದು’ ಅಂತ ಕೇಳಿಸಿದೆ. ಪಾಪ, ಲಗೇಜು ಹೊತ್ತು ಬರುವವರಿಗೆ ಗಾಬರಿ ಆಗೋದು ಸಹಜ ಅಲ್ವಾ?

ಎರಡೂ ಪದಗಳ ಮೂಲ ಲ್ಯಾಟಿನ್. ಇಂಗ್ಲಿಷಿನಲ್ಲೂ ಮೊದಲು ‘ಆಗಬಹುದಾದ’ ಎಂಬ ಅರ್ಥ ಇತ್ತು. ಆಮೇಲೆ ಅದು ‘ಕೊನೆಗೆ ಆಗುವ’ ಎನ್ನುವ ಕಡೆಗೆ ಸರಿಯಿತು. ಫ್ರೆಂಚ್ ಹಳೆಯದನ್ನೇ ಉಳಿಸಿಕೊಂಡಿತು.

ಆ ಪದ ತೆಗೆದು ‘ಪ್ಲು ತಾರ್’, ಅಂದರೆ ‘ಆಮೇಲೆ’, ಅಂತ ಬರೆಯಿರಿ. ಗಂಟೆಯನ್ನೇ ಹಾಕಿದರೆ ಇನ್ನೂ ಒಳ್ಳೆಯದು. ಆಕ್ತ್ಯುಎಲ್‌ಮಾಂ ಕೂಡ ಹೀಗೇ: ಇಂಗ್ಲಿಷಿನ ಆಕ್ಚುಯಲಿ ಥರ ಕಂಡರೂ ಅದು ‘ಸದ್ಯಕ್ಕೆ’. ‘ಅಸಲಿಗೆ’ ಅನ್ನೋಕೆ ‘ಆಂ ಫೆತ್’ ಬಳಸಿ.