ಬೆನ್ನಲ್ಲಿ ಬಿಸಿ, ಕಣ್ಣಿಗೆ ನಿದ್ದೆಯಿಲ್ಲ

ಓದುಗರ ಪತ್ರ: ವಿಡಿಯೋಗಳನ್ನು ನೋಡಿ ಕೆಲವು ತಿಂಗಳಿಂದ ಜೋರಾಗಿ ಉಸಿರಾಡುವ ಭಸ್ತ್ರಿಕಾ, ಉಸಿರು ಹಿಡಿಯುವ ಕುಂಭಕ ಮಾಡುತ್ತಿದ್ದೇನೆ. ಈಗ ಬೆನ್ನಹುರಿಯಲ್ಲಿ ಇರುವೆ ಹರಿದಂತಾಗುತ್ತದೆ, ಮೈ ಬಿಸಿ, ಕೈಕಾಲು ತಾನಾಗಿ ಜಗ್ಗುತ್ತವೆ, ರಾತ್ರಿ ನಿದ್ದೆ ಬರುವುದಿಲ್ಲ. ಕುಂಡಲಿನಿ ಎದ್ದಿದೆ, ಮುಂದುವರಿಸು ಎನ್ನುತ್ತಾರೆ ಗೆಳೆಯರು. ಗುರುಗಳು ಯಾಕೆ ಹೆದರಿಸುತ್ತಾರೆ?

ಸಂಪಾದಕರ ಉತ್ತರ: ಭಸ್ತ್ರಿಕಾ, ಕುಂಭಕ ಎರಡನ್ನೂ ಇಂದೇ ನಿಲ್ಲಿಸಿ. ಎದ್ದಿರುವುದು ಕುಂಡಲಿನಿಯೋ ಅಲ್ಲವೋ ಎಂಬುದನ್ನು ಪತ್ರ ಓದಿ ಯಾರೂ ಹೇಳಲಾರರು. ಆದರೆ ನಿದ್ದೆಯೇ ಇಲ್ಲದಿರುವಾಗ ಮುಂದುವರಿಸು ಎಂಬ ಸಲಹೆ ಹಠಯೋಗದ ಗ್ರಂಥಗಳಿಗೂ ಒಪ್ಪುವುದಲ್ಲ.

ಮೂರೂವರೆ ಸುತ್ತು ಸುತ್ತಿಕೊಂಡು ಮಲಗಿದ ಕುಂಡಲಿನಿ ಶಕ್ತಿ, ಅದು ಬೆನ್ನಿನ ನಡುವಿನ ನಾಡಿಯಾದ ಸುಷುಮ್ನೆಯ ಬಾಯಿ ಮುಚ್ಚಿಕೊಂಡಿರುವುದು, ಅದು ಎದ್ದು ಚಕ್ರಗಳನ್ನು ದಾಟಿ ನೆತ್ತಿಗೇರುವುದು: ಈ ವರ್ಣನೆ ನೀವು ಕೇಳಿಯೇ ಇರುತ್ತೀರಿ. ಶಕ್ತಿ ಕೆಲವೊಮ್ಮೆ ಇರುವೆಯಂತೆ, ಕೆಲವೊಮ್ಮೆ ಮೀನಿನಂತೆ, ಮಂಗನಂತೆ ಏರುತ್ತದೆಂದು ರಾಮಕೃಷ್ಣ ಪರಮಹಂಸರೂ ಹೇಳಿದ್ದರು. ಹಾಗಾಗಿ ನಿಮ್ಮ ಗೆಳೆಯರ ಊಹೆ ಬುಡವಿಲ್ಲದ್ದೇನಲ್ಲ. ಆದರೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಆಗ ಬೆರಳಿನಲ್ಲಿ, ತುಟಿಯಲ್ಲಿ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಸ್ನಾಯುಗಳು ಸೆಟೆಯುತ್ತವೆ. ಭಸ್ತ್ರಿಕಾ ಮಾಡುವಾಗ ಅಥವಾ ಮುಗಿದ ಕೂಡಲೇ ಇವು ಬಂದು ಸ್ವಲ್ಪ ಹೊತ್ತಿಗೆ ಹೋದರೆ ಕಾರಣ ಬಹುಪಾಲು ಉಸಿರೇ. ದಿನವಿಡೀ, ಅಭ್ಯಾಸ ಬಿಟ್ಟ ಮೇಲೂ ಉಳಿದರೆ ಮಾತ್ರ ಬೇರೆ ಕಾರಣ ಹುಡುಕಬೇಕು.

ಗುರುಗಳು ಎಚ್ಚರಿಸುವುದರ ಮೂಲ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲೇ ಇದೆ. ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲನೆ ಪಳಗಿಸುವ ಹಾಗೆ ಉಸಿರನ್ನು ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ ಅದರ ಎರಡನೆಯ ಅಧ್ಯಾಯ. ತಪ್ಪಾಗಿ ಮಾಡಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ, ಕಿವಿ, ಕಣ್ಣಿನ ನೋವು ಬರುತ್ತವೆಂದೂ ಹೇಳುತ್ತದೆ. ಮೊದಲು ಮೂರು ತಿಂಗಳು ನಾಡೀಶುದ್ಧಿ, ಆ ದಿನಗಳಲ್ಲಿ ಹಾಲು ತುಪ್ಪದ ಊಟ, ಕುಂಭಕವನ್ನು ಸ್ವಲ್ಪಸ್ವಲ್ಪವೇ ಏರಿಸುವುದು: ಕ್ರಮ ಹೀಗಿದೆ. ಅಭ್ಯಾಸ ಸರಿಹೋದ ಗುರುತು ಹಗುರಾದ ಮೈ, ತಿಳಿಯಾದ ಕಣ್ಣು, ರೋಗವಿಲ್ಲದಿರುವುದು, ಚುರುಕಾದ ಜಠರಾಗ್ನಿ. ನಿದ್ದೆಗೆಟ್ಟ ಕಣ್ಣು ಆ ಗುರುತುಗಳಲ್ಲಿಲ್ಲ. ವಿಡಿಯೋ ಉಸಿರಿನ ಲೆಕ್ಕ ಕೊಡುತ್ತದೆ, ನಿಮ್ಮ ಮುಖ ನೋಡಿ 'ಇವತ್ತು ಸಾಕು' ಎನ್ನುವುದಿಲ್ಲ. ಗುರುವಿನ ಮುಖ್ಯ ಕೆಲಸ ಅದೇ ಎಂದು ನಾನು ನಂಬಿದ್ದೇನೆ.

ಗುರುವಿನ ಆ ಕಣ್ಣಿಲ್ಲದೆ ಏನಾಗಬಹುದೆಂಬುದಕ್ಕೆ ಕಾಶ್ಮೀರದ ಗೋಪಿಕೃಷ್ಣರ ಬದುಕನ್ನು ನೋಡಿ. ಸರ್ಕಾರಿ ನೌಕರ, ಹದಿನೇಳು ವರ್ಷಗಳ ಧ್ಯಾನಿ, ಗುರುವಿಲ್ಲ. 1937ರ ಡಿಸೆಂಬರ್‌ನ ಒಂದು ಬೆಳಗಿನ ಜಾವ, ಜಮ್ಮುವಿನಲ್ಲಿ, ನೆತ್ತಿಯ ಕಮಲದ ಮೇಲೆ ಮನಸ್ಸಿಟ್ಟು ಕೂತಿದ್ದಾಗ ಬೆನ್ನಿನ ಬುಡದಿಂದ ಬೆಳಕಿನ ಪ್ರವಾಹವೊಂದು ಜಲಪಾತದ ಸದ್ದಿನೊಂದಿಗೆ ತಲೆಗೇರಿತು. ಆನಂದ ಬಹಳ ಹೊತ್ತು ಉಳಿಯಲಿಲ್ಲ. ನಿದ್ದೆ ಹೋಯಿತು, ಊಟ ಸೇರಲಿಲ್ಲ, ಭಯ ಹಿಡಿಯಿತು, ಮನೆಯವರ ಮೇಲಿನ ಪ್ರೀತಿಯೂ ಬತ್ತಿತು, ಒಳಗೆ ಉರಿ ಏರುತ್ತಲೇ ಹೋಯಿತು. ಸಾವಿನ ಅಂಚಿಗೆ ಬಂದಾಗ, ಶಕ್ತಿ ಸುಷುಮ್ನೆಯ ಬದಲು ಬಿಸಿಯ ನಾಡಿಯಾದ ಪಿಂಗಳೆಯಲ್ಲಿ ಏರಿತೇನೋ ಎಂಬ ಯೋಚನೆ ಬಂದು, ತಂಪಿನ ನಾಡಿಯಾದ ಇಡೆಯ ಮೇಲೆ ಅವರು ಗಮನವಿಟ್ಟರು. ಉರಿ ಇಳಿಯಿತು. ಆಮೇಲೆ ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪ ಆಹಾರ ತೆಗೆದುಕೊಳ್ಳುತ್ತ ಬಂದರು. ಸಮಸ್ಥಿತಿಗೆ ಮರಳಲು ವರ್ಷಗಳೇ ಹಿಡಿದವು. ಪಿಂಗಳೆಯ ವಿವರಣೆ ಅವರದು, ಅದನ್ನು ಪರೀಕ್ಷಿಸುವ ದಾರಿಯಿಲ್ಲ. ಅವರು ಬದುಕುಳಿದದ್ದರಿಂದ ನೀವೂ ಕಾದು ನೋಡಬಹುದು ಎಂದಾಗುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಉಸಿರನ್ನು ಹಿಡಿಯಬೇಡಿ, ಉಪವಾಸ ಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕಣ್ಣು ಮುಚ್ಚಿ ಕೂರುವ ಬದಲು ನಡೆದಾಡಿ. ಈ ವಾರವೇ ವೈದ್ಯರನ್ನು ಕಂಡು ಅಭ್ಯಾಸದ ವಿಷಯ ಮುಚ್ಚಿಡದೆ ಹೇಳಿ. ಮೈಬಿಸಿ, ನಿದ್ರಾಹೀನತೆ ಥೈರಾಯ್ಡ್ ಹೆಚ್ಚಾದಾಗಲೂ ಬರುತ್ತವೆ, ಕೈಕಾಲು ಜಗ್ಗುವುದು ಮೂರ್ಛೆರೋಗದ ಲಕ್ಷಣವೂ ಆಗಿರಬಹುದು. ನಿದ್ದೆಯಿಲ್ಲದಿದ್ದರೂ ದಣಿವೇ ತಿಳಿಯದಿದ್ದರೆ, ಯೋಚನೆಗಳು ಓಡತೊಡಗಿದರೆ, ನಿಮಗೇ ಯಾವುದೋ ಮಹತ್ಕಾರ್ಯ ಒಪ್ಪಿಸಲಾಗಿದೆ ಎನಿಸಿದರೆ, ಇಲ್ಲದ ದನಿಗಳು ಕೇಳಿದರೆ, ಸಾಯುವ ಯೋಚನೆ ಬಂದರೆ ವಾರದವರೆಗೆ ಕಾಯಬೇಡಿ, ಅಂದೇ ಮನೋವೈದ್ಯರ ಬಳಿ ಹೋಗಿ. ಅಂಥ ಹೊತ್ತಿನಲ್ಲಿ ನಮಗೇ ತಿಳಿಯುವುದಿಲ್ಲ, ಆದ್ದರಿಂದ ಮನೆಯವರೊಬ್ಬರಿಗೆ ಈಗಲೇ ಈ ಗುರುತುಗಳನ್ನು ಹೇಳಿಡಿ.

ಮುಂದೆ ಅಭ್ಯಾಸ ಬೇಕೆನಿಸಿದರೆ, ನಿದ್ದೆ, ಹಸಿವು ಮೊದಲಿನಂತಾಗಿ ವೈದ್ಯರೂ ಒಪ್ಪಿದ ಮೇಲೆ, ಎದುರು ಕೂತು ಕಲಿಸುವವರನ್ನು ಹುಡುಕಿ. 'ಇಂಥ ತೊಂದರೆ ಬಂದವರಿಗೆ ನೀವು ಏನು ಮಾಡಿಸಿದ್ದೀರಿ?' ಎಂದು ಅವರನ್ನು ಮೊದಲೇ ಕೇಳಿ. ಅವರ ಅಭ್ಯಾಸ ನಿಲ್ಲಿಸಿದ್ದೆ ಎಂದು ಎಂದೂ ಹೇಳದವರ ಹತ್ತಿರ ಕುಂಭಕ ಕಲಿಯಬೇಡಿ.