ಸೆಟಲ್‌ಮೆಂಟ್‌ಗೆ ಸಹಿ ಹಾಕಿದ ಮೇಲೆ ಗ್ರಾಚ್ಯುಟಿ ಕೇಳಬಹುದೇ?

"7 ವರ್ಷ 8 ತಿಂಗಳು ದುಡಿದು ಬಿಟ್ಟೆ. 'ಇನ್ನು ಯಾವ ಬಾಕಿಯೂ ಇಲ್ಲ' ಎಂದು ಸಹಿ ಹಾಕಿಸಿಕೊಂಡರು, ಗ್ರಾಚ್ಯುಟಿ ಕೊಡಲಿಲ್ಲ. ಈಗ ಕೇಳಬಹುದೇ?"

ಆ ಒಂದು ಸಾಲನ್ನೇ ಹಿಡಿದು ಕಂಪನಿ ಗ್ರಾಚ್ಯುಟಿ ಬಿಟ್ಟಿರಬೇಕು. ಆದರೆ ಗ್ರಾಚ್ಯುಟಿ ಕಾನೂನು ಕೊಟ್ಟ ಹಕ್ಕು, ಸಹಿಯಿಂದ ಅದು ಹೋಗುವುದಿಲ್ಲ. ಕೇಳಬಹುದು.

ಮೊದಲು ಸೆಟಲ್‌ಮೆಂಟ್ ಹಾಳೆಯಲ್ಲಿ ಗ್ರಾಚ್ಯುಟಿ ಎಂಬ ಸಾಲು ಇದೆಯೇ ನೋಡಿ. ಕೆಲವೊಮ್ಮೆ ಒಟ್ಟು ಮೊತ್ತದಲ್ಲೇ ಸೇರಿರುತ್ತದೆ. ಇಲ್ಲವಾದರೆ ಲೆಕ್ಕ ಹಾಕಿ: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಆರು ತಿಂಗಳು ದಾಟಿರುವುದರಿಂದ ನಿಮ್ಮದು 8 ವರ್ಷ. ಮೂಲವೇತನ, ತುಟ್ಟಿಭತ್ಯೆ ಎರಡೂ ಸೇರಿ 26,000 ರೂಪಾಯಿ ಇದ್ದರೆ 1,20,000 ಬರಬೇಕು.

ಈ ಲೆಕ್ಕದೊಂದಿಗೆ ಕಂಪನಿಗೆ ಲಿಖಿತ ಅರ್ಜಿ ಕೊಡಿ. ನೋಂದಾಯಿತ ಅಂಚೆಯಲ್ಲೂ ಇಮೇಲ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬರೀ ಫೋನಿನ ಮಾತನ್ನು ನಂಬಿ ಕೂರಬೇಡಿ. 30 ದಿನದಲ್ಲಿ ಹಣ ಬಾರದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಗ್ರಾಚ್ಯುಟಿ ಪ್ರಕರಣ ನೋಡುವ ಅಧಿಕಾರಿಗೆ ಅರ್ಜಿ ಹಾಕಿ. ನೇಮಕಾತಿ ಪತ್ರ, ಕೊನೆಯ ಸಂಬಳ ಚೀಟಿ, ಬಿಡುಗಡೆ ಪತ್ರ, ಸಹಿ ಹಾಕಿದ ಹಾಳೆ ಜೊತೆಗಿರಲಿ. ತಡವಾಗಿದ್ದರೆ ಕಾರಣವನ್ನೂ ಬರೆಯಿರಿ. ಸರಿಯಾದ ಕಾರಣವಿದ್ದರೆ ವಿಳಂಬ ಮನ್ನಿಸುತ್ತಾರೆ. ಬಡ್ಡಿಯನ್ನೂ ಕೇಳಲು ಮರೆಯಬೇಡಿ.

ಕಂಪನಿ ತನ್ನಿಷ್ಟದಂತೆ ಕೊಡುವ ಬೋನಸ್, ಇನ್ಸೆಂಟಿವ್‌ಗಳ ಮಾತು ಬೇರೆ. ಅಲ್ಲಿ ಸಹಿಗೆ ಬೆಲೆ ಇದೆ. 'ಸಹಿ ಹಾಕದಿದ್ದರೆ ಬಿಡುಗಡೆ ಪತ್ರ ಕೊಡುವುದಿಲ್ಲ' ಎಂಬಂಥ ಸಂದೇಶವೇನಾದರೂ ಬಂದಿದ್ದರೆ, ಒತ್ತಾಯದಿಂದ ಸಹಿ ಹಾಕಿಸಿಕೊಂಡರು ಎಂಬ ವಾದಕ್ಕೆ ಬಲ ಸಿಗಬಹುದು. ಆ ಸಂದೇಶಗಳನ್ನು ಇಂದೇ ತೆಗೆದಿಟ್ಟುಕೊಳ್ಳಿ.